ಕೂರುವ ಜಾಗಕ್ಕಿಂತ ಮೊದಲು ನೀರಿನ ಎರಡು ಗೆರೆ

ಕೆರೆಯಂಚಿನ ನಕ್ಷೆಯನ್ನು ಬಿಡಿಸಿ ನೋಡಿದರೆ ನೀರು ಸಾಮಾನ್ಯವಾಗಿ ಒಂದೇ ಒಂದು ನೀಲಿ ಗೆರೆಯಾಗಿ ಕಾಣುತ್ತದೆ. ಗೆರೆಯ ಈಚೆ ಕಲ್ಲಿನ ಮೆಟ್ಟಿಲು, ನೆರಳಿಗೊಂದು ಮರ, ಕಾಲು ಇಳಿಬಿಟ್ಟು ಕುಳಿತ ಇಬ್ಬರು, ಆಚೆ ತಿಳಿನೀರು. ಕೆಲಸ ಮುಗಿದ ಮೇಲೆ ಬೇಸಿಗೆಯಲ್ಲಿ ಅದೇ ಜಾಗಕ್ಕೆ ಹೋದವರಿಗೆ ಮೆಟ್ಟಿಲಿಗೂ ನೀರಿಗೂ ನಡುವೆ ಹತ್ತು ಹೆಜ್ಜೆ ಕೆಸರು ಸಿಗುತ್ತದೆ. ಮಳೆಗಾಲದಲ್ಲಿ ಹೋದರೆ ಕೆಳಗಿನ ಎರಡು ಮೆಟ್ಟಿಲು ಮುಳುಗಿ, ಅವುಗಳ ಮೇಲೆ ಜಾರುವ ಪಾಚಿ ಕಟ್ಟಿರುತ್ತದೆ. ನಕ್ಷೆಯ ಗೆರೆ ತಪ್ಪೇನಲ್ಲ. ಆದರೆ ಅದು ವರ್ಷದ ಕೆಲವೇ ವಾರ ನಿಜವಾಗಿರುವ ಗೆರೆ.

ಕೆರೆ, ಕೊಳಗಳ ಅಂಚನ್ನು ಜನರಿಗೆ ತೆರೆಯುವ ಕೆಲಸ ಈಗ ಹಲವೆಡೆ ನಡೆಯುತ್ತಿದೆ. ಬೇಡಿಕೆ ಮೂರು: ಜನ ನೀರಿನ ಹತ್ತಿರ ಕೂರಬೇಕು, ನೀರು ಕೆಡಬಾರದು, ಮಕ್ಕಳಿಗೆ ಅಪಾಯವಾಗಬಾರದು. ಈ ಮೂರೂ ಒಂದಕ್ಕೊಂದು ಅಡ್ಡ ಬರುತ್ತವೆ. ನೀರಿಗೆ ಹತ್ತಿರ ಕೂರಿಸಿದಷ್ಟೂ ಕಸ ಮತ್ತು ಕೊಳೆ ನೀರಿಗೆ ಹತ್ತಿರವಾಗುತ್ತದೆ. ಕೊಳೆ ತಡೆಯಲು ದಟ್ಟವಾಗಿ ಗಿಡ ಬೆಳೆಸಿದರೆ ಮಗು ಕಣ್ಣಿಗೆ ಮರೆಯಾಗುತ್ತದೆ. ಮಗುವನ್ನು ತಡೆಯಲು ಗೋಡೆ ಕಟ್ಟಿದರೆ ಬಿದ್ದವರು ಮೇಲೆ ಬರಲಾಗದ ಬಾವಿಯಂಥ ಅಂಚು ಉಳಿಯುತ್ತದೆ. ಇಡೀ ದಂಡೆಗೆ ಒಂದೇ ಬಗೆಯ ಅಂಚನ್ನು ಸುತ್ತಿಸಿದಾಗ ಮೂರರಲ್ಲಿ ಒಂದಾದರೂ ಸೋಲುತ್ತದೆ. ಆದ್ದರಿಂದ ದಂಡೆಯ ಸಣ್ಣ ಪಾಲನ್ನು ಮಾತ್ರ ಕೂರುವುದಕ್ಕೆಂದು ಆರಿಸಿ, ಆ ಪಾಲಿನ ಅಡ್ಡಕೊಯ್ತವನ್ನು, ಅಂದರೆ ದಂಡೆಯನ್ನು ಮೇಲಿನಿಂದ ನೀರಿನೊಳಗಿನ ತನಕ ಸೀಳಿದರೆ ಕಾಣುವ ಆಕಾರವನ್ನು, ನೀರಿನ ಎರಡು ಮಟ್ಟಗಳಿಗೆ ಹೊಂದಿಸಿ ರೂಪಿಸುವುದೇ ಸರಿಯಾದ ದಾರಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಒಂದು ಕೊಳವನ್ನು ಕಲ್ಪಿಸಿಕೊಂಡು, ಲೆಕ್ಕ ಸಮೇತ ಇದನ್ನು ನೋಡೋಣ.

ಇಳಿಜಾರಿನ ಲೆಕ್ಕ

ಮೊದಲ ಗೆರೆ ಸುಲಭವಾಗಿ ಸಿಗುತ್ತದೆ. ನೀರು ಹೊರಗೆ ಹರಿಯುವ ಕೋಡಿಯ ತುಟಿಯೇ ತುಂಬು ಮಟ್ಟ. ಎರಡನೆಯದು ಬೇಸಿಗೆಯ ಕೊನೆಯಲ್ಲಿ ನೀರು ಇಳಿದು ನಿಲ್ಲುವ ಮಟ್ಟ. ಇದು ಯಾವ ಕಾಗದದಲ್ಲೂ ಇಲ್ಲದಿರಬಹುದು. ಕೊಳದಲ್ಲಿ ಸೆಂಟಿಮೀಟರ್ ಗುರುತು ಹಾಕಿದ ಕಂಬ ನೆಟ್ಟು ಕನಿಷ್ಠ ಒಂದು ವರ್ಷ ಓದುವುದೇ ಇದಕ್ಕಿರುವ ನೇರ ದಾರಿ. ಅಷ್ಟು ಕಾಯಲಾಗದಿದ್ದರೆ ಹಳೆಯ ಕಲ್ಲುಗಳ ಮೇಲಿನ ಕಲೆ, ದಂಡೆಯಲ್ಲಿ ಹುಲ್ಲು ನಿಂತು ಬರಿಮಣ್ಣು ತೊಡಗುವ ಪಟ್ಟಿ, ಮೀನು ಹಿಡಿಯುವವರ ನೆನಪು ಇವುಗಳಿಂದ ಅಂದಾಜಿಸಬೇಕು.

ಈ ಎರಡು ಮಟ್ಟಗಳ ನಡುವಿನ ಅಂತರವೇ ಉಳಿದ ಎಲ್ಲವನ್ನೂ ಆಳುತ್ತದೆ. ಅಂತರ 90 ಸೆಂಟಿಮೀಟರ್ ಎಂದಿಟ್ಟುಕೊಳ್ಳೋಣ. ದಂಡೆಯ ಇಳಿಜಾರು ಒಂದಕ್ಕೆ ಎರಡು, ಅಂದರೆ ಎರಡು ಮೀಟರ್ ಮುಂದೆ ಹೋದರೆ ಒಂದು ಮೀಟರ್ ಆಳ ಇದ್ದರೆ, ಬೇಸಿಗೆಯಲ್ಲಿ ಹೊರಬೀಳುವ ಕೆಸರಿನ ಪಟ್ಟಿ 1.8 ಮೀಟರ್ ಮಾತ್ರ. ನೋಟಕ್ಕೆ ಚೆನ್ನ. ಆದರೆ ಈ ದಂಡೆಯಲ್ಲಿ ಜಾರಿದ ಮಗು ಒಂದೇ ಮೀಟರ್ ಒಳಗೆ ಅರ್ಧ ಮೀಟರ್ ನೀರಿನಲ್ಲಿರುತ್ತದೆ. ಒದ್ದೆ ಜೇಡಿಯ ಮೇಲೆ ಅಷ್ಟು ಕಡಿದಾದ ಏರನ್ನು ಹತ್ತಿ ಬರಲು ದೊಡ್ಡವರಿಗೂ ಆಗುವುದಿಲ್ಲ. ಹಿಡಿದಷ್ಟೂ ಮಣ್ಣು ಕಳಚಿ ಬರುತ್ತದೆ. ಇಳಿಜಾರನ್ನು ಒಂದಕ್ಕೆ ಎಂಟು ಮಾಡಿದರೆ ಒಂದು ಮೀಟರ್ ಒಳಗೆ ಆಳ ಹನ್ನೆರಡು ಸೆಂಟಿಮೀಟರ್ ಅಷ್ಟೇ, ನಡೆದು ವಾಪಸ್ ಬರಬಹುದು. ಆದರೆ ಬೇಸಿಗೆಯಲ್ಲಿ 7.2 ಮೀಟರ್ ಕೆಸರು ತೆರೆದುಕೊಳ್ಳುತ್ತದೆ, ಅದು ನಾರುತ್ತದೆ, ಕೂರಲು ಬಂದವರು ನೀರಿನಿಂದ ದೂರವಾಗುತ್ತಾರೆ. ಕೆಸರನ್ನು ದಾಟಿ ನೀರು ಮುಟ್ಟಲು ಹೊರಟ ಮಗುವಿನ ಕಾಲು ಹೂಳಿನಲ್ಲಿ ಸಿಕ್ಕಿಕೊಳ್ಳುತ್ತದೆ.

ಕಡಿದಾದರೆ ಅಪಾಯ, ಸಪಾಟಾದರೆ ಕೆಸರು. ಒಂದೇ ಇಳಿಜಾರಿನಿಂದ ಈ ಗಂಟು ಬಿಡಿಸಲು ಆಗುವುದಿಲ್ಲ. ಇಳಿಜಾರನ್ನು ಮುರಿಯಬೇಕು: ನೀರು ಹೆಚ್ಚು ಕಾಲ ನಿಲ್ಲುವ ಎರಡು ಮಟ್ಟಗಳ ಬಳಿ ಸಪಾಟು, ಅವುಗಳ ನಡುವೆ ಸ್ವಲ್ಪ ಕಡಿದು.

ಇಪ್ಪತ್ತೈದು ಮೀಟರ್ ದಂಡೆ

ನಮ್ಮ ಕೊಳ ಮೊಟ್ಟೆಯಾಕಾರದ್ದು, ಉದ್ದ 100 ಮೀಟರ್, ಅಗಲ 60. ಅಂಚಿನ ಸುತ್ತಳತೆ ಸುಮಾರು 250 ಮೀಟರ್. ತುಂಬಿದಾಗ ಸರಾಸರಿ ಒಂದೂವರೆ ಮೀಟರ್ ಆಳ, ಅಂದರೆ ಸುಮಾರು 7,000 ಘನ ಮೀಟರ್ ನೀರು. ಜೋರು ಮಳೆಯ ದಿನ ಕೋಡಿಯ ಮೇಲೆ ನೀರು 30 ಸೆಂಟಿಮೀಟರ್ ಏರುತ್ತದೆ. ಬೇಸಿಗೆಯಲ್ಲಿ ಕೋಡಿಗಿಂತ 90 ಸೆಂಟಿಮೀಟರ್ ಕೆಳಗಿಳಿಯುತ್ತದೆ. 250 ಮೀಟರ್‌ನಲ್ಲಿ 25 ಮೀಟರ್ ಮಾತ್ರ ಕೂರುವುದಕ್ಕೆ. ಹತ್ತನೇ ಒಂದು ಪಾಲು ಕಡಿಮೆಯೆನಿಸಬಹುದು. ಆದರೆ ಎರಡು ಸಾಲಿನಲ್ಲಿ ಅರ್ಧ ಮೀಟರಿಗೊಬ್ಬರಂತೆ ನೂರು ಜನ ಇಲ್ಲಿ ಕೂರಬಹುದು. ಅದಕ್ಕಿಂತ ಮುಖ್ಯವಾಗಿ, ಜನ ಒಂದೆಡೆ ಇದ್ದಾಗ ಮಕ್ಕಳ ಮೇಲೆ ಕಣ್ಣುಗಳೂ ಒಂದೆಡೆ ಇರುತ್ತವೆ. ಇಡೀ ದಂಡೆಯುದ್ದಕ್ಕೂ ಅಲ್ಲೊಂದು ಇಲ್ಲೊಂದು ಬೆಂಚು ಹಾಕಿದರೆ ಯಾರೂ ಇಲ್ಲದ ಮೂಲೆಯ ಬೆಂಚೊಂದು ಉಳಿದೇ ಉಳಿಯುತ್ತದೆ. ಮಕ್ಕಳು ಆಡಲು ಆರಿಸುವುದು ಅಂಥ ಮೂಲೆಯನ್ನೇ.

ಯಾವ 25 ಮೀಟರ್? ವರ್ಷದ ಹೆಚ್ಚು ಕಾಲ ಗಾಳಿ ಎತ್ತ ಬೀಸುತ್ತದೆ ಎಂದು ಮೊದಲು ನೋಡಬೇಕು. ತೇಲುವ ಕಸ, ಸತ್ತ ಎಲೆ, ಪಾಚಿಯ ಕೆನೆ ಎಲ್ಲವನ್ನೂ ಗಾಳಿ ತಾನು ಹೋಗುವ ಕಡೆಯ ದಂಡೆಗೆ ತಳ್ಳುತ್ತದೆ. ಪಶ್ಚಿಮದ ಗಾಳಿಯಿದ್ದರೆ ಪೂರ್ವದ ದಂಡೆ ಕೊಳೆಯುತ್ತದೆ. ಕೂರುವವರನ್ನು ಗಾಳಿ ಬರುವ ಕಡೆಯ ದಂಡೆಯಲ್ಲಿ ಇಟ್ಟರೆ ಕೆನೆಯೂ ವಾಸನೆಯೂ ಅವರಿಂದ ದೂರ ಸರಿಯುತ್ತವೆ, ಅಲೆಯ ಹೊಡೆತವೂ ಅಲ್ಲಿ ಕಡಿಮೆ. ಎದುರು ದಂಡೆಯಲ್ಲಿ ಕಸ ಎತ್ತಲು ಒಂದು ದಾರಿ ಬಿಟ್ಟರಾಯಿತು, ಗಾಳಿಯೇ ಅದನ್ನು ಅಲ್ಲಿಗೆ ತಂದು ಕೊಡುತ್ತದೆ. ಸಂಜೆಯ ಬಿಸಿಲು ಕಣ್ಣಿಗೆ ಬೀಳುತ್ತದೆಯೇ ಎಂಬುದನ್ನು ಮಾತ್ರ ವಿನ್ಯಾಸಕಾರರು ನೋಡಿರುತ್ತಾರೆ. ಗಾಳಿ ಅದಕ್ಕಿಂತ ದೊಡ್ಡ ವಿಷಯ.

ಈಗ ಅಡ್ಡಕೊಯ್ತ. ತುಂಬು ಮಟ್ಟವನ್ನು ಸೊನ್ನೆ ಎಂದುಕೊಂಡು ದಂಡೆಯ ಮೇಲಿನಿಂದ ಇಳಿಯೋಣ. ನಡೆಯುವ ದಾರಿ ಸೊನ್ನೆಯಿಂದ 120 ಸೆಂಟಿಮೀಟರ್ ಮೇಲೆ. ಅಲ್ಲಿಂದ 40 ಸೆಂಟಿಮೀಟರ್ ಎತ್ತರದ ಎರಡು ಕಲ್ಲು ಹಂತಗಳು. ಪ್ರತಿಯೊಂದೂ ಆಸನದ ಎತ್ತರ. ಮೇಲಿನ ಸಾಲಿನವರು ದಾರಿಯ ಅಂಚಿನಲ್ಲಿ ಕುಳಿತು 90 ಸೆಂಟಿಮೀಟರ್ ಅಗಲದ ಹಂತದ ಮೇಲೆ ಕಾಲಿಡುತ್ತಾರೆ. ಆ ಹಂತದ ಮುಂಭಾಗವೇ ಕೆಳಗಿನ ಸಾಲಿನ ಆಸನ. ನಲವತ್ತರ ಹಂತವನ್ನು ನಡೆದು ಇಳಿಯಲು ಆಗದು, ಆದ್ದರಿಂದ ಎರಡು ಕಡೆ 15 ಸೆಂಟಿಮೀಟರಿಗಿಂತ ಎತ್ತರವಿಲ್ಲದ ಮಾಮೂಲಿ ಮೆಟ್ಟಿಲು, ಒಂದು ತುದಿಯಲ್ಲಿ ಗಾಲಿಕುರ್ಚಿ ಇಳಿಯುವ ಇಳಿಜಾರು ಬೇಕು. ಕೆಳಗಿನ ಸಾಲಿನವರ ಕಾಲ ಬಳಿ ಒಂದೂವರೆ ಮೀಟರ್ ಅಗಲದ ಕಟ್ಟೆ, ಸೊನ್ನೆಯಿಂದ 40 ಸೆಂಟಿಮೀಟರ್ ಮೇಲೆ. ಜೋರು ಮಳೆಯ ನೀರೂ ಇದನ್ನು ಮುಟ್ಟುವುದಿಲ್ಲ. ಕಲ್ಲಿನ ಮೇಲೆ ಪಾಚಿ ಕಟ್ಟಬಾರದೆಂದರೆ ಕಲ್ಲು ನೀರಿನಲ್ಲಿ ಮುಳುಗಬಾರದು. ಒರಟು ಕಲ್ಲು, ಗೀರು ಹಾಕಿದ ಕಲ್ಲು ಎಂಬ ಉಪಾಯಗಳು ಒಂದೆರಡು ಮಳೆಗಾಲ ಬಾಳುತ್ತವೆ, ಅಷ್ಟೇ.

ಕಟ್ಟೆಯಿಂದ ನೀರಿಗೆ ಒಂದಕ್ಕೆ ಆರರ ಹುಲ್ಲಿನ ಇಳಿಜಾರು, ಅಗಲ 2.4 ಮೀಟರ್. ತುಂಬು ಮಟ್ಟದಿಂದ ಒಳಗೆ ಮೂರು ಮೀಟರ್ ಅಗಲದ ಮೊದಲ ಮುಳುಗುಪಟ್ಟಿ, ಅದರ ಆಳ ಸೊನ್ನೆಯಿಂದ ತೊಡಗಿ ಹೊರ ಅಂಚಿನಲ್ಲಿ 30 ಸೆಂಟಿಮೀಟರ್. ನಾಲ್ಕು ವರ್ಷದ ಮಗುವಿನ ಮಂಡಿ ಹೆಚ್ಚುಕಡಿಮೆ ಅಷ್ಟು ಎತ್ತರದಲ್ಲಿರುತ್ತದೆ. ಅದರಾಚೆ ಒಂದಕ್ಕೆ ನಾಲ್ಕರಂತೆ 2.4 ಮೀಟರ್ ಇಳಿದರೆ 90 ಸೆಂಟಿಮೀಟರ್ ಆಳ. ಇದೇ ಬೇಸಿಗೆಯ ಗೆರೆ. ಇಲ್ಲಿ ಎರಡನೆಯ ಪಟ್ಟಿ, ಮತ್ತೆ ಮೂರು ಮೀಟರ್ ಅಗಲ, ಮತ್ತೆ 30 ಸೆಂಟಿಮೀಟರ್ ಇಳಿತ. ಕೊಳದ ನಿಜವಾದ ಆಳ ಅದರಾಚೆ ತೊಡಗಲಿ.

ತುಂಬಿದಾಗಲೂ ಬತ್ತಿದಾಗಲೂ ಮಗು ಎದುರಿಸುವ ಮೊದಲ ಮೂರು ಮೀಟರ್ ಒಂದೇ ಬಗೆಯದಾಗಿರುತ್ತದೆ, ಮಂಡಿಯಾಳ ಮೀರದ್ದು. ಎರಡೂ ಪಟ್ಟಿಗಳ ಮೇಲೆ, ಮಣ್ಣಿನೊಂದಿಗೆ ಬೆರೆಯದಂತೆ ಜಿಯೋಟೆಕ್ಸ್‌ಟೈಲ್ ಬಟ್ಟೆ ಹಾಸಿ ಹದಿನೈದು ಸೆಂಟಿಮೀಟರ್ ದಪ್ಪ ಜಲ್ಲಿ ಹರಡಿದರೆ ಕಾಲು ಹೂಳುವುದಿಲ್ಲ, ಬೇಸಿಗೆಯಲ್ಲಿ ಹೊರಬೀಳುವ ಮೊದಲ ಪಟ್ಟಿ ಕೆಸರಾಗಿರದೆ ಜಲ್ಲಿಯಾಗಿರುತ್ತದೆ. ಒಂದು ಎಚ್ಚರ: ಪಟ್ಟಿಯನ್ನು ಮಟ್ಟಸವಾಗಿ ಮಾಡಬಾರದು, ಒಂದಕ್ಕೆ ಹತ್ತರ ಇಳಿಜಾರು ಇರಲೇಬೇಕು. ಮಟ್ಟಸವಾದರೆ ನೀರು ಇಳಿಯುವಾಗ ಅಲ್ಲಲ್ಲಿ ಗುಂಡಿಯಲ್ಲಿ ನಿಲ್ಲುತ್ತದೆ. ಮೀನು ತಲುಪಲಾರದ ಅಂಥ ನೀರು ವಾರ ಹತ್ತು ದಿನ ನಿಂತರೆ ಸೊಳ್ಳೆಯ ಮರಿ ಹುಳು ರೆಕ್ಕೆ ಪಡೆದು ಹಾರಲು ಸಾಕು.

ಯಾವ ಮಗು?

‘ಮಕ್ಕಳ ಸುರಕ್ಷತೆ’ ಎಂದು ಒಂದೇ ಪದದಲ್ಲಿ ಹೇಳಿಬಿಡುವುದರಿಂದ ತಪ್ಪು ತೊಡಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಜನ ಮುಳುಗಿ ಸತ್ತರು. ಅವರಲ್ಲಿ ಹೆಚ್ಚುಕಡಿಮೆ ಕಾಲುಭಾಗ ಐದು ವರ್ಷದೊಳಗಿನವರು. ಮೇಲೆ ಹೇಳಿದ ಸೌಮ್ಯ ಇಳಿಜಾರು ಈ ಪುಟ್ಟ ಮಕ್ಕಳನ್ನು ಉಳಿಸುವುದಿಲ್ಲ ಎಂಬುದನ್ನು ನೇರವಾಗಿ ಒಪ್ಪಿಕೊಳ್ಳಬೇಕು. ಎರಡು ವರ್ಷದ ಮಗುವಿನ ತಲೆ ದೇಹದ ಉಳಿದ ಭಾಗಕ್ಕೆ ಹೋಲಿಸಿದರೆ ಭಾರ. ಮುಗ್ಗರಿಸಿ ಮುಖ ಅಡಿಯಾಗಿ ಬಿದ್ದರೆ ಹತ್ತು ಸೆಂಟಿಮೀಟರ್ ನೀರಿನಿಂದಲೂ ಎದ್ದುಕೊಳ್ಳಲಾರದು. ಮುಳುಗುವವರು ಕೂಗುವುದೂ ಇಲ್ಲ, ಉಸಿರಿಗೇ ಬಿಡುವಿಲ್ಲದಾಗ ಕೂಗಿಗೆ ಎಲ್ಲಿಂದ ಬರಬೇಕು? ಸೌಮ್ಯ ಇಳಿಜಾರು ಕಾಪಾಡುವುದು ಆರರಿಂದ ಹನ್ನೆರಡರ ಮಕ್ಕಳನ್ನು: ಚೆಂಡಿನ ಹಿಂದೆ ಓಡಿ ಜಾರುವವರು, ಕಪ್ಪೆ ಹಿಡಿಯಲು ಇಳಿಯುವವರು. ಅವರು ಎದ್ದು ನಡೆದು ಬರುತ್ತಾರೆ.

ಪುಟ್ಟ ಮಗುವಿಗೆ ಬೇಕಾದದ್ದು ತಡೆ ಮತ್ತು ನೋಟ. ನಮ್ಮ ಅಡ್ಡಕೊಯ್ತದಲ್ಲಿ ಕಟ್ಟೆಯಿಂದ ತುಂಬು ಮಟ್ಟಕ್ಕೆ 2.4 ಮೀಟರ್. ಅಷ್ಟನ್ನು ಓಡಲು ಆ ಮಗುವಿಗೆ ಎರಡು ಮೂರು ಸೆಕೆಂಡು ಸಾಕು, ತಾಯಿ ಚೀಲದಲ್ಲಿ ಏನೋ ಹುಡುಕುತ್ತಿರುವ ಹೊತ್ತು. ಆದ್ದರಿಂದ ಕಟ್ಟೆಯ ಅಂಚಿನಲ್ಲಿ 65 ಸೆಂಟಿಮೀಟರ್ ಎತ್ತರದ ಕಂಬಿ ಸಾಲು ಇಡಬೇಕು, ಹಿತ್ತಿಲ ಬೇಲಿಯಷ್ಟೇ ತಗ್ಗು. ಕಂಬಿಗಳು ನೆಟ್ಟಗೆ ನಿಂತಿರಬೇಕು, ನಡುವಿನ ಸಂದು ಹತ್ತು ಸೆಂಟಿಮೀಟರ್ ಮೀರಬಾರದು. ಅಡ್ಡಕಂಬಿಗಳಿದ್ದರೆ ಮಕ್ಕಳಿಗೆ ಅದು ಏಣಿ. ಇಷ್ಟು ತಗ್ಗು ಯಾಕೆ, ಎದೆಯೆತ್ತರ ಮಾಡಬಾರದೇ ಎಂದು ಕೇಳುವವರಿದ್ದಾರೆ. ಆಳ ನೀರಿನ ಗೋಡೆಯಂಚಿದ್ದರೆ ಎದೆಯೆತ್ತರವೇ ಸರಿ. ಇಲ್ಲಿ ಆಚೆಗಿರುವುದು ಮಂಡಿಯಾಳ. ಎರಡು ವರ್ಷದ ಮಗುವನ್ನು 65 ಸೆಂಟಿಮೀಟರ್ ತಡೆಯುತ್ತದೆ, ಅದರ ತಂದೆ ಅದನ್ನು ಒಂದೇ ಹೆಜ್ಜೆಯಲ್ಲಿ ದಾಟಿ ಹೋಗಿ ಎತ್ತಿಕೊಳ್ಳುತ್ತಾನೆ. ಎದೆಯೆತ್ತರದ ಬೇಲಿ ತಂದೆಯನ್ನೂ ನಿಲ್ಲಿಸಿಬಿಡುತ್ತದೆ.

ಈ ಜಾಗದಲ್ಲಿ ಕಂಬಿಯ ಬದಲು ಗಟ್ಟಿ ಗೋಡೆ ಕಟ್ಟುವ ಆಸೆ ಬಹಳ ಜನರಿಗಿದೆ. ಅದಕ್ಕೆ ಬಣ್ಣ ಬಳಿಯಬಹುದು, ಹೆಸರು ಬರೆಯಬಹುದು. ಅದು ಏಕೆ ತಪ್ಪೆಂದು ನೋಟದ ಗೆರೆ ಎಳೆದರೆ ತಿಳಿಯುತ್ತದೆ. ಕೆಳಗಿನ ಸಾಲಿನಲ್ಲಿ ಕುಳಿತವರ ಕಣ್ಣು ಆಸನಕ್ಕಿಂತ ಸುಮಾರು 75 ಸೆಂಟಿಮೀಟರ್ ಮೇಲೆ, ಅಂದರೆ ತುಂಬು ಮಟ್ಟದಿಂದ 155 ಸೆಂಟಿಮೀಟರ್ ಎತ್ತರದಲ್ಲಿದೆ. ಗೋಡೆಯ ನೆತ್ತಿ 105 ಸೆಂಟಿಮೀಟರಿನಲ್ಲಿ, ಕಣ್ಣಿನಿಂದ 1.7 ಮೀಟರ್ ಮುಂದೆ. ಕಣ್ಣಿನಿಂದ ಆ ನೆತ್ತಿಯನ್ನು ಸವರಿ ಹೋಗುವ ಗೆರೆ ನೀರನ್ನು ಮುಟ್ಟುವುದು ಗೋಡೆಯಿಂದ ಸುಮಾರು ಮೂರೂವರೆ ಮೀಟರ್ ಆಚೆ. ದಡ ಇರುವುದು 2.4 ಮೀಟರಿನಲ್ಲಿ. ದಡದ ಬಳಿ ಆ ಗೆರೆ ನೀರಿಗಿಂತ 34 ಸೆಂಟಿಮೀಟರ್ ಮೇಲೆ ಹಾಯುತ್ತದೆ. ನಿಂತಿರುವ ಮಗುವಿನ ತಲೆ ಕಾಣುತ್ತದೆ. ಬಿದ್ದಿರುವ ಮಗು ಕಾಣುವುದಿಲ್ಲ. ಕಾಣಲೇಬೇಕಾದ ಆ ಒಂದು ಗಳಿಗೆಯಲ್ಲಿ ಗೋಡೆ ಅಡ್ಡ ನಿಲ್ಲುತ್ತದೆ. ಈ ಲೆಕ್ಕವನ್ನು ಕಾಗದದ ಮೇಲೆ ಒಮ್ಮೆ ಎಳೆದು ತೋರಿಸಿದರೆ ಗೋಡೆಗೆ ಹಟ ಹಿಡಿದವರೂ ಕಂಬಿಗೆ ಒಪ್ಪುತ್ತಾರೆ ಎಂದು ನಂಬುತ್ತೇನೆ.

ಗಿಡಗಳಿಗೂ ಇದೇ ಲೆಕ್ಕ ಅನ್ವಯಿಸುತ್ತದೆ. ಕೂರುವ ಜಾಗದ ಎದುರು ಮಂಡಿಗಿಂತ ಎತ್ತರ ಬೆಳೆಯುವ ಏನೂ ಬೇಡ. ಗಿಡ್ಡ ಜೇಕು, ಗಿಡ್ಡ ಹುಲ್ಲು, ನಡುವೆ ಬರಿಯ ಜಲ್ಲಿ. ತೇಲುವ ಸಸ್ಯಗಳ ವಿಷಯದಲ್ಲಿ ಇನ್ನೂ ಕಟ್ಟುನಿಟ್ಟಾಗಿರಬೇಕು. ಅಂತರಗಂಗೆಯೋ, ಅಕ್ಕಿಕಾಳಿಗಿಂತ ಚಿಕ್ಕ ಎಲೆಗಳ ಹಸಿರು ಹಾಸೋ ದಡದವರೆಗೆ ಮುಚ್ಚಿಕೊಂಡಾಗ ನೀರು ನೀರಿನಂತೆ ಕಾಣುವುದಿಲ್ಲ, ಹುಲ್ಲುಹಾಸಿನಂತೆ ಕಾಣುತ್ತದೆ. ಮಗು ಅದರ ಮೇಲೆ ನಡೆಯಲು ಕಾಲಿಡುತ್ತದೆ. ಬಿದ್ದ ಮೇಲೆ ಹಾಸು ಮತ್ತೆ ಕೂಡಿಕೊಳ್ಳುತ್ತದೆ, ಎಲ್ಲಿ ಬಿದ್ದಿತೆಂಬ ಗುರುತೂ ಉಳಿಯುವುದಿಲ್ಲ. ಕೂರುವ 25 ಮೀಟರಿನ ಎದುರು ಇಂಥ ಹಾಸು ಬಂದ ದಿನವೇ ಅದನ್ನು ಎಳೆದು ಹಾಕುವ ಜವಾಬ್ದಾರಿ ಯಾರದೆಂದು ಕಟ್ಟುವ ಮೊದಲೇ ಬರೆದಿಟ್ಟಿರಬೇಕು.

ಹದಿಹರೆಯದವರು ಬೇರೆ. ಅವರು ನೀರಿಗೆ ಹಾರುತ್ತಾರೆ. ಆಳವಿಲ್ಲದ ಪಟ್ಟಿಯ ಮೇಲೆ ಎತ್ತರದ ಕಟ್ಟೆ, ಸೇತುವೆ, ಅಟ್ಟಣಿಗೆ ಇರಬಾರದು. ತಲೆ ಮುಂದಾಗಿ ಹಾರಿದರೆ ಕುತ್ತಿಗೆ ಮುರಿಯುತ್ತದೆ. ಆಳದ ಕಡೆ ಎಸೆಯಲು ಹಗ್ಗ ಕಟ್ಟಿದ ತೇಲುಬಳೆಯೊಂದು ಎಲ್ಲರ ಕಣ್ಣಿಗೆ ಬೀಳುವ ಕಂಬದಲ್ಲಿ, ಬೀಗವಿಲ್ಲದೆ ಇರಲಿ.

ಕೊಳೆ ಬರುವ ದಾರಿ

ದಂಡೆಯಲ್ಲಿ ಗಿಡ ನೆಟ್ಟರೆ ನೀರು ಶುದ್ಧವಾಗುತ್ತದೆ ಎಂಬ ಮಾತು ಅರ್ಧ ನಿಜ. ಕೊಳಕ್ಕೆ ಚರಂಡಿ ನೀರು ಬಂದು ಸೇರುತ್ತಿದ್ದರೆ ದಂಡೆಯ ಯಾವ ವಿನ್ಯಾಸವೂ ಅದನ್ನು ಸರಿಪಡಿಸಲಾರದು. ಚರಂಡಿಯನ್ನು ತಿರುಗಿಸುವ ಮೊದಲು ಮೆಟ್ಟಿಲಿಗೆ ಕಲ್ಲು ತರಿಸುವುದು ಬೇಡ. ಹೊರಗಿನ ಕೊಳೆ ನಿಂತ ಮೇಲೆ ಉಳಿಯುವ ಪ್ರಶ್ನೆ, ಕೂರಲು ಬಂದವರೇ ತರುವ ಕೊಳೆ.

ಅದು ತಿಂಡಿಯ ಚೂರು, ನಾಯಿಯ ಹೇಲು, ಮೀನಿಗೂ ಹಕ್ಕಿಗೂ ಎಸೆದ ಆಹಾರ, ಆಹಾರಕ್ಕೆ ಬಂದ ಹಕ್ಕಿಗಳ ಹಿಕ್ಕೆ. ಎಲ್ಲದರಲ್ಲೂ ರಂಜಕವಿದೆ. ಒಂದು ಕಿಲೋ ರಂಜಕ ಸುಮಾರು ಐನೂರು ಕಿಲೋ ಹಸಿ ಪಾಚಿಯನ್ನು ಬೆಳೆಸಬಲ್ಲದು ಎಂಬುದು ಕೆರೆ ನಿರ್ವಹಣೆಯಲ್ಲಿ ಬಳಕೆಯಲ್ಲಿರುವ ಅಂದಾಜು. ಮಳೆ ಬಂದಾಗ ಕಲ್ಲಿನ ಮೇಲಿನದೆಲ್ಲ ತೊಳೆದು ಎತ್ತ ಹೋಗುತ್ತದೆ ಎಂಬುದೇ ಇಲ್ಲಿ ನಿರ್ಣಾಯಕ. ಕಲ್ಲು ಹಾಸುವವರು ರೂಢಿಯಂತೆ ಪ್ರತಿ ಹಂತವನ್ನೂ ನೀರಿನ ಕಡೆಗೆ ವಾಟ ಕೊಟ್ಟು ಹಾಸುತ್ತಾರೆ, ನೀರು ನಿಲ್ಲಬಾರದಲ್ಲವೇ ಎಂದು. ಆ ಒಂದು ರೂಢಿಯಿಂದ 25 ಮೀಟರಿನ ಕೊಳೆಯೆಲ್ಲ ಮೊದಲ ಮಳೆಗೇ ಕೊಳಕ್ಕೆ ಇಳಿಯುತ್ತದೆ.

ವಾಟವನ್ನು ತಿರುಗಿಸಬೇಕು. ದಾರಿ ಐವತ್ತಕ್ಕೆ ಒಂದರಂತೆ ಹಿಂದಕ್ಕೆ, ದಂಡೆಯ ಹೊರಬದಿಯ ಎರಡು ಮೀಟರ್ ಹುಲ್ಲಿನ ತಗ್ಗಿನ ಕಡೆಗೆ ಒರಗಲಿ. ಹಂತ ಮತ್ತು ಕಟ್ಟೆಯೂ ಹಿಂದಕ್ಕೆ ಒರಗಲಿ. ಆಸನದ ಬುಡದಲ್ಲಿ, ಅಂದರೆ ಕುಳಿತವರ ಹಿಮ್ಮಡಿಯ ಬಳಿ, 30 ಸೆಂಟಿಮೀಟರ್ ಅಗಲದ ಜಲ್ಲಿ ತುಂಬಿದ ಕಾಲುವೆ ಆ ನೀರನ್ನು ಹಿಡಿದು ಪಕ್ಕಕ್ಕೆ ಸಾಗಿಸಲಿ. ಅಲ್ಲಿ ಮರಳು ಮಣ್ಣಿನ ಗಿಡದ ಪಾತಿಯಲ್ಲಿ ಅದು ಇಂಗಲಿ. ಜಲ್ಲಿಯ ಸಂದಿನಲ್ಲಿ ಕಸ ಕಟ್ಟಿ ವರ್ಷ ಎರಡು ವರ್ಷಕ್ಕೆ ಕಾಲುವೆ ಉಸಿರು ಕಟ್ಟುತ್ತದೆ. ಮೇಲಿನ ಜಲ್ಲಿಯನ್ನು ತೆಗೆದು ತೊಳೆದು ಹಾಕಬೇಕು. ಕಟ್ಟಿಕೊಂಡಿದೆಯೋ ಇಲ್ಲವೋ ಎಂದು ತಿಳಿಯಲು ಒಂದು ಬಕೆಟ್ ನೀರು ಸುರಿದರೆ ಸಾಕು: ನೋಡನೋಡುತ್ತ ಇಳಿದರೆ ಸರಿ, ನಿಂತರೆ ಕೆಲಸ ಬಂದಿದೆ.

ಉಳಿದ 225 ಮೀಟರ್ ದಂಡೆಯೇ ಕೊಳದ ಮೂತ್ರಪಿಂಡ. ಜೊಂಡು, ಆಪು, ಎತ್ತರದ ಜೇಕು, ಏರಿನಲ್ಲಿ ಲಾವಂಚ, ಜನರಿಗೆ ದಾರಿಯಿಲ್ಲದಷ್ಟು ದಟ್ಟವಾಗಿ ಅಲ್ಲಿ ಬೆಳೆಯಲಿ. ಕೂರುವ ಜಾಗದ ಎರಡು ಬದಿಯಲ್ಲಿ ಇವು ಮಕ್ಕಳು ಪಕ್ಕದಿಂದ ನುಸುಳದಂತೆ ತಡೆಯೂ ಆಗುತ್ತವೆ. ಆದರೆ ಗಿಡ ಹೀರಿದ ರಂಜಕ ಎಲ್ಲಿಗೂ ಹೋಗಿರುವುದಿಲ್ಲ, ಕಾಂಡದಲ್ಲೇ ಇರುತ್ತದೆ. ಒಣಗಿ ನೀರಿಗೆ ಬಿದ್ದು ಕೊಳೆತಾಗ ಅದರ ಬಹುಪಾಲು ವಾಪಸ್ ಬರುತ್ತದೆ. ಹೂವಾಗಿ ಒಣಗುವ ಮೊದಲೇ ಕೊಯ್ದು ದಂಡೆಯಿಂದ ದೂರ ಒಯ್ದರೆ ಮಾತ್ರ ಲೆಕ್ಕದಲ್ಲಿ ಕೊಳೆ ಕಡಿಮೆಯಾಯಿತು. ಒಂದೇ ಸಲ ಎಲ್ಲವನ್ನೂ ಬೋಳಿಸದೆ ಮೂರರಲ್ಲಿ ಒಂದು ಪಾಲಿನಂತೆ ಸರದಿಯಲ್ಲಿ ಕೊಯ್ಯಬೇಕು. ಕಾಂಡ ಹತ್ತಿ ಹೊರಬರುವ ಕೊಡತಿ ಹುಳಗಳಿಗೂ ಗೂಡು ಕಟ್ಟುವ ಹಕ್ಕಿಗಳಿಗೂ ಜಾಗ ಉಳಿಯಬೇಕಲ್ಲ.

ಜೊಂಡಿಗೆ ಒಂದು ವಿಶೇಷ ಎಚ್ಚರ. ಮಂಡಿಯಾಳದ ನೀರೆಂದರೆ ಅದಕ್ಕೆ ಬಲು ಇಷ್ಟ. ನಾವು ಮಕ್ಕಳಿಗೆಂದು ಕಷ್ಟಪಟ್ಟು ಮಾಡಿದ ಮುಳುಗುಪಟ್ಟಿಯೇ ಅದರ ಹಾಸಿಗೆ. ಬಿಟ್ಟರೆ ಎರಡು ವರ್ಷದಲ್ಲಿ ಆಳೆತ್ತರದ ಪರದೆಯಾಗಿ ನೋಟವನ್ನೆಲ್ಲ ನುಂಗುತ್ತದೆ. ಜೊಂಡು ತನ್ನ ಬೇರಿಗೆ ಗಾಳಿಯನ್ನು ಕಾಂಡದ ಮೂಲಕವೇ ಇಳಿಸುತ್ತದೆ. ಆದ್ದರಿಂದ ನೀರಿನ ಮಟ್ಟಕ್ಕಿಂತ ಕೆಳಗೆ ಕೊಯ್ದು, ಮೊಂಡು ಕೆಲವು ವಾರ ಮುಳುಗಿಯೇ ಇದ್ದರೆ ಬುಡ ಸಾಯುತ್ತದೆ. ಮೇಲೆ ಕೊಯ್ದರೆ ಮತ್ತೆ ಚಿಗುರುತ್ತದೆ. ಕೂರುವ ಜಾಗದ ಎದುರು ನೀರಿನ ಕೆಳಗೆ ಕೊಯ್ಯಿರಿ, ಉಳಿದೆಡೆ ನೀರಿನ ಮೇಲೆ. ಕುಡುಗೋಲು ಹಿಡಿಯುವವರಿಗೆ ಇಷ್ಟು ತಿಳಿದಿದ್ದರೆ ಔಷಧಿ ಹೊಡೆಯುವ ಮಾತೇ ಬರುವುದಿಲ್ಲ.

ಇಷ್ಟಾದರೂ ಬೇಸಿಗೆಯಲ್ಲಿ ಪಾಚಿ ಬರಬಹುದು. ಎಲ್ಲ ಪಾಚಿಯೂ ಒಂದಲ್ಲ. ಕೋಲು ಅದ್ದಿ ಎತ್ತಿದಾಗ ಕೂದಲಿನಂತೆ ಎಳೆಎಳೆಯಾಗಿ ಜೋತುಬಿದ್ದರೆ ಅದು ನೋಟಕ್ಕೆ ಕೆಟ್ಟದ್ದೇ ಹೊರತು ಸಾಮಾನ್ಯವಾಗಿ ವಿಷವಲ್ಲ. ಕೋಲಿಗೆ ಹಸಿರು ಬಣ್ಣ ಬಳಿದಂತೆ ಅಂಟಿಕೊಂಡರೆ ಅದು ಸಯನೋಬ್ಯಾಕ್ಟೀರಿಯಾ, ನೀಲಿ-ಹಸಿರು ಪಾಚಿ, ಇರಬಹುದು. ಅದರ ಕೆಲವು ಜಾತಿಗಳು ವಿಷ ಕಾರುತ್ತವೆ. ಗಾಜಿನ ಜಾಡಿಯಲ್ಲಿ ಆ ನೀರನ್ನು ತುಂಬಿ ಒಂದು ರಾತ್ರಿ ಅಲುಗಾಡಿಸದೆ ಇಟ್ಟು, ಹಸಿರೆಲ್ಲ ಮೇಲೆ ತೇಲಿ ಪಟ್ಟಿ ಕಟ್ಟಿದರೆ ಅನುಮಾನ ಬಲವಾಗುತ್ತದೆ. ತೊಗಲಿಗೆ ತಾಗದಂತೆ ಕೈಗವಸು ಹಾಕಿಕೊಂಡೇ ಇದನ್ನು ಮಾಡಬೇಕು. ಪ್ರಯೋಗಾಲಯದ ಉತ್ತರ ಬರುವ ತನಕ ಮಕ್ಕಳೂ ನಾಯಿಗಳೂ ನೀರು ಮುಟ್ಟದಂತೆ ದಾರಿ ಮುಚ್ಚಬೇಕು.

ಗೋಡೆ ಈಗಾಗಲೇ ಇದ್ದರೆ

ಹೊಸ ಕೊಳ ತೋಡುವ ಅವಕಾಶ ಸಿಗುವುದು ಅಪರೂಪ. ಹೆಚ್ಚಿನೆಡೆ ನೆಟ್ಟಗಿನ ಕಲ್ಲುಗೋಡೆ ಈಗಾಗಲೇ ನಿಂತಿರುತ್ತದೆ, ಬುಡದಲ್ಲಿ ಒಂದೂವರೆ ಮೀಟರ್ ನೀರು. ನೀರಿನಿಂದ ಗೋಡೆಯ ತಲೆ ಅರ್ಧ ಮೀಟರ್ ಮೇಲಿದ್ದರೂ ಸಾಕು, ತೊಯ್ದ ಬಟ್ಟೆಯ ಭಾರದೊಂದಿಗೆ ತೋಳಬಲದಲ್ಲಿ ಮೇಲೆ ಬರುವುದು ಈಜು ಬಲ್ಲವರಿಗೂ ಕಷ್ಟ. ಇಂಥ ಕಡೆ 25 ಮೀಟರಿನ ಪಾಲಿನಲ್ಲಿ ಗೋಡೆಯ ಮುಂದೆ ನೀರೊಳಗೇ ಕಲ್ಲು, ಜಲ್ಲಿ ಸುರಿದು ಮೂರು ಮೀಟರಿನ ಪಟ್ಟಿಯನ್ನೂ ಅದರಾಚೆ ಒಂದಕ್ಕೆ ನಾಲ್ಕರ ಇಳಿಜಾರನ್ನೂ ಕಟ್ಟಬಹುದು. ಬೇಕಾಗುವ ತುಂಬು ಸುಮಾರು 175 ಘನ ಮೀಟರ್. ಕೆರೆಯನ್ನು ಮುಚ್ಚುತ್ತಿದ್ದೀರಿ ಎಂಬ ಆಕ್ಷೇಪ ಬರುತ್ತದೆ, ಬರಬೇಕಾದದ್ದೇ. 7,000 ಘನ ಮೀಟರಿನಲ್ಲಿ ಇದು ಎರಡೂವರೆ ಶೇಕಡ. ಅಷ್ಟೇ ಹೂಳನ್ನು ನಡುವಿನಿಂದ ತೆಗೆದು ಸರಿದೂಗಿಸುವುದನ್ನು ಕೆಲಸದ ಷರತ್ತಾಗಿಯೇ ಬರೆಸಬೇಕು. ಜಾಗವಿದ್ದಲ್ಲಿ ಗೋಡೆಯನ್ನು ಒಡೆದು ದಂಡೆಯನ್ನು ಹಿಂದಕ್ಕೆ ಸರಿಸುವುದು ಇನ್ನೂ ಒಳ್ಳೆಯದು, ನೀರಿಗೂ ಜಾಗ ಹೆಚ್ಚುತ್ತದೆ. ಉಳಿದ ಗೋಡೆಯುದ್ದಕ್ಕೆ ಎದೆಯೆತ್ತರದ ಕಂಬಿ, ಹತ್ತಿ ಬರಲು ಅಲ್ಲಲ್ಲಿ ಗೋಡೆಗೆ ಕೂರಿಸಿದ ಏಣಿ ಇವು ತಪ್ಪದೆ ಇರಬೇಕು. ಏಣಿಯ ಕೆಳತುದಿ ಬೇಸಿಗೆಯ ಮಟ್ಟಕ್ಕಿಂತ ಕೆಳಗಿರಲಿ.

ನನಗೆ ಅತಿ ಹೆಚ್ಚು ಭಯವಿರುವುದು ಗೋಡೆಯ ಬಗ್ಗೆ ಅಲ್ಲ. ಗೋಡೆ ಕಣ್ಣಿಗೆ ಕಾಣುತ್ತದೆ. ಭಯ ಹೂಳೆತ್ತುವ ಯಂತ್ರದ ಬಗ್ಗೆ. ದಂಡೆಯಲ್ಲಿ ನಿಂತು ತೋಳು ಚಾಚಿ ತೋಡುವ ಯಂತ್ರಕ್ಕೆ ದಡದ ಹತ್ತಿರದ ಮಣ್ಣೇ ಸುಲಭ. ಅದು ನಮ್ಮ ಮುಳುಗುಪಟ್ಟಿಯ ಹೊರ ಅಂಚನ್ನು ಕತ್ತರಿಸಿ ಎರಡು ಮೀಟರಿನ ನೆಟ್ಟಗಿನ ಗುಂಡಿ ಮಾಡಿ ಹೋಗುತ್ತದೆ. ಮಳೆ ಬಂದು ನೀರು ತುಂಬಿದ ಮೇಲೆ ಮೇಲ್ಮೈ ಮೊದಲಿನಂತೆಯೇ ಸೌಮ್ಯ. ಕಳೆದ ವರ್ಷ ಇಲ್ಲಿ ಮಂಡಿಯಾಳ ಇತ್ತೆಂದು ಗೊತ್ತಿರುವ ಹುಡುಗ ಈ ವರ್ಷ ಧೈರ್ಯವಾಗಿ ನಾಲ್ಕನೇ ಹೆಜ್ಜೆ ಇಡುತ್ತಾನೆ. ಅಲೆಯೂ ಇದನ್ನೇ ಚಿಕ್ಕದಾಗಿ ಮಾಡುತ್ತದೆ: ತುಂಬು ಮಟ್ಟದಲ್ಲಿ ಮಣ್ಣನ್ನು ಕೊರೆದು ಒಂದು ಗೇಣು ಎತ್ತರದ ಹೆಜ್ಜೆ ಕಡಿದಿಡುತ್ತದೆ. ಅದಕ್ಕೆ ತೆಂಗಿನ ನಾರಿನ ಸುರುಳಿ ಕಟ್ಟಿ, ಬೇರು ಹಿಡಿಯುವ ತನಕ ಕಾಪಾಡಿದರೆ ನಿಲ್ಲುತ್ತದೆ. ಯಂತ್ರದ ಗುಂಡಿಗೆ ಮಾತ್ರ ಅಳೆಯುವುದೊಂದೇ ಉಪಾಯ.

ಅಳೆಯಲು ಬೇಕಾದದ್ದು ಎರಡು ಮೀಟರಿನ ಗುರುತು ಹಾಕಿದ ಕೋಲು, ದಡದಲ್ಲಿ ಹಿಡಿದ ಹಗ್ಗ, ತೇಲು ಅಂಗಿ ತೊಟ್ಟ ಒಬ್ಬರು, ಬರೆದುಕೊಳ್ಳಲು ಇನ್ನೊಬ್ಬರು. ದಂಡೆಯುದ್ದಕ್ಕೆ ಐದೈದು ಮೀಟರಿಗೆ ಒಂದು ಗೆರೆ ಹಿಡಿದು, ದಡದಿಂದ ಒಂದೊಂದು ಮೀಟರ್ ಒಳಗೆ ಕೋಲನ್ನು ಇಳಿಸಿ ಆಳವನ್ನು ಬರೆಯಬೇಕು. ಇಪ್ಪತ್ತೈದು ಮೀಟರಿಗೆ ಆರು ಗೆರೆ. ಪ್ರತಿ ಗೆರೆಯಲ್ಲಿ ಹತ್ತು ಓದು. ಹೂಳೆತ್ತಿದ ಮೇಲೆ ಯಂತ್ರ ಹೊರಡುವ ಮೊದಲು ಒಮ್ಮೆ, ಪ್ರತಿ ಮಳೆಗಾಲ ಕಳೆದ ಮೇಲೆ ಒಮ್ಮೆ. ಒಂದು ಓದಿನಿಂದ ಮುಂದಿನ ಓದಿಗೆ ಆಳ 30 ಸೆಂಟಿಮೀಟರಿಗಿಂತ ಹೆಚ್ಚು ಇಳಿದಿದ್ದರೆ ಆ ಗೆರೆಯ ಎದುರಿನ ಕಂಬಿಗೆ ಕೆಂಪು ಬಟ್ಟೆ ಕಟ್ಟಿ, ಜಲ್ಲಿ ತುಂಬುವ ತನಕ ಆ ಭಾಗವನ್ನು ಮುಚ್ಚಿರಬೇಕು.